ಲೆಕ್ಕ ಮೇಲಕ್ಕೆ ಹೋಗುತ್ತದೆ, ಊರಿಗೆ ಯಾವಾಗ ಬರುತ್ತದೆ? ಶನಿವಾರದ ಸಂವಾದಕ್ಕೆ ಪ್ರಶ್ನೆಗಳು

ಮೇಡಂ, ನಮಸ್ಕಾರ.

ಶನಿವಾರ ಬೆಳಿಗ್ಗೆ 10.30ಕ್ಕೆ ನಮ್ಮ ಸಾರ್ವಜನಿಕ ಆಡಳಿತ ವಿಭಾಗದಲ್ಲಿ ನಿಮ್ಮ ಉಪನ್ಯಾಸ ಇದೆ. ನೀವು 40 ನಿಮಿಷ ಮಾತಾಡಿದ ಮೇಲೆ ಒಂದು ಗಂಟೆ ಸಂವಾದ. ನಾನು ಕೇಳಬೇಕೆಂದಿರುವ ಪ್ರಶ್ನೆಗಳನ್ನು ಮೊದಲೇ ಕಳಿಸುತ್ತಿದ್ದೇನೆ. ಪಂಚಾಯಿತಿ ಕಾರ್ಯದರ್ಶಿಯಾಗಿ ಸೇರಿ, ಪಿಡಿಒ ಆಗಿ, ತಾಲ್ಲೂಕು ಪಂಚಾಯಿತಿ ಸಹಾಯಕ ನಿರ್ದೇಶಕರಾಗಿ ನಿವೃತ್ತರಾದವರು ನೀವು. ಮೇಜಿನ ಎರಡೂ ಕಡೆ ಕೂತು ನೋಡಿದ್ದೀರಿ. ಹಾಗಾಗಿ ಪುಸ್ತಕದಲ್ಲಿ ಸಿಗುವ ಉತ್ತರಕ್ಕಿಂತ ನೀವು ಕಂಡಿದ್ದನ್ನು ಕೇಳುವ ಆಸೆ ನಮಗೆ.

ಸಭೆಯಲ್ಲಿ ಸುಮಾರು 80 ವಿದ್ಯಾರ್ಥಿಗಳು ಇರುತ್ತಾರೆ. ಜಾಸ್ತಿ ಜನ ಸುತ್ತಲ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು. ಸ್ತ್ರೀಶಕ್ತಿ ಸಂಘದ ಕೆಲವು ಹೆಣ್ಣುಮಕ್ಕಳನ್ನು, ಇಬ್ಬರು ಮೂವರು ಮಾಜಿ ಸದಸ್ಯರನ್ನೂ ಕರೆದಿದ್ದೇವೆ.

ಶುರುವಿಗೆ

1. ನಮ್ಮ ರಾಜ್ಯದಲ್ಲಿ 1987ರಲ್ಲೇ ಮಂಡಲ ಪಂಚಾಯಿತಿ ಚುನಾವಣೆ ನಡೆಯಿತು. ಆಗ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ನಮ್ಮ ಹಿರಿಯರು ಇವತ್ತಿಗೂ 'ನೀರ್ ಸಾಬ್' ಅಂತ ನೆನೆಯುತ್ತಾರೆ. ಆಮೇಲೆ ಸಂವಿಧಾನದ 73ನೇ ತಿದ್ದುಪಡಿ, 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆ ಬಂದವು. 11ನೇ ಅನುಸೂಚಿಯಲ್ಲಿ 29 ವಿಷಯಗಳ ಪಟ್ಟಿ ಇದೆ. ಆ 29ರಲ್ಲಿ, ನೀವು ಪಿಡಿಒ ಆಗಿದ್ದಾಗ, ಇನ್ನೊಂದು ಇಲಾಖೆಯ ಬಾಗಿಲು ತಟ್ಟದೆ ಪಂಚಾಯಿತಿಯೇ ತೀರ್ಮಾನ ಮಾಡಿ ಮುಗಿಸಬಹುದಾಗಿದ್ದ ಕೆಲಸ ಯಾವುವು? ಎಣಿಸಿ ಹೇಳಿದರೆ ಒಳ್ಳೆಯದು. ನಮ್ಮ ಹುಡುಗರು ಪರೀಕ್ಷೆಗೆ 29 ಅಂತ ಬಾಯಿಪಾಠ ಮಾಡಿರುತ್ತಾರೆ.

ದುಡ್ಡಿನ ಮಾತು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ ಮೇಡಂ. ಅರ್ಧ ಸಮಯ ಇದಕ್ಕೇ ಹೋದರೂ ಪರವಾಗಿಲ್ಲ.

2. ನಮ್ಮ ಊರಿನದೇ ಒಂದು ಸಂಗತಿ ಹೇಳಿ ಪ್ರಶ್ನೆ ಕೇಳುತ್ತೇನೆ. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟುಹೋಯಿತು. ಹನ್ನೊಂದು ದಿನ ನಲ್ಲಿಯಲ್ಲಿ ನೀರಿಲ್ಲ. ನಮ್ಮಮ್ಮ ತೋಟದ ಬಾವಿಯಿಂದ ಎರಡೆರಡು ಕೊಡ ಹೊತ್ತು ತರುತ್ತಿದ್ದರು. ನೀರುಗಂಟಿಯನ್ನು ಕೇಳಿದರೆ 'ಹಿಂದಿನ ಸಲದ್ದೇ ಬಿಲ್ ಆಗಿಲ್ಲ, ರೀವೈಂಡಿಂಗ್ ಅಂಗಡಿಯವರು ಮೋಟಾರ್ ಮುಟ್ಟೋದೇ ಇಲ್ಲ ಅಂತಾರೆ' ಎಂದ. ಅದೇ ವಾರ ಪಂಚಾಯಿತಿ ಕಚೇರಿಯ ಪಕ್ಕದಲ್ಲಿ ಹೊಸ ಚರಂಡಿಗೆ ಕಾಂಕ್ರೀಟ್ ಹಾಕುತ್ತಿದ್ದರು. 'ಚರಂಡಿಗೆ ದುಡ್ಡಿದೆ, ಮೋಟಾರಿಗೆ ಇಲ್ವಾ?' ಅಂತ ಊರಿಗೆ ಊರೇ ಕೇಳಿತು. ಯಾರೂ ಉತ್ತರ ಹೇಳಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಒಂದು ಪಂಚಾಯಿತಿಗೆ ಬರುವ ದುಡ್ಡು ಯಾವ ಯಾವ ಲೆಕ್ಕದಲ್ಲಿ ಬರುತ್ತದೆ, ಒಂದರ ದುಡ್ಡು ಇನ್ನೊಂದಕ್ಕೆ ಯಾಕೆ ಹಾಕುವಂತಿಲ್ಲ? ಓದು ಬರಹ ಇಲ್ಲದವರಿಗೂ ತಿಳಿಯುವ ಹಾಗೆ, ಮನೆ ಖರ್ಚಿನ ಭಾಷೆಯಲ್ಲಿ ಬಿಡಿಸಿ ಹೇಳುತ್ತೀರಾ?

3. ಅದರ ಬೆನ್ನಿಗೇ ಇನ್ನೊಂದು. 2021-26ರ ಅವಧಿಯ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟು ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ. 40 ಪಂಚಾಯಿತಿ ತನಗೆ ಬೇಕಾದ ಕೆಲಸಕ್ಕೆ ಬಳಸಬಹುದಿತ್ತು, ಸಂಬಳಕ್ಕೆ ಮಾತ್ರ ಬಳಸುವಂತಿರಲಿಲ್ಲ. ದೆಹಲಿಯಲ್ಲಿ ಕೂತು ಹಳ್ಳಿಯ ಅಗತ್ಯವನ್ನು ಶೇಕಡಾವಾರು ಹಂಚಿದ್ದು ಸರಿಯೇ? ಹಾಗೆ ಕಟ್ಟಿ ಕೊಡದಿದ್ದರೆ ದುಡ್ಡೆಲ್ಲ ಸಿಸಿ ರಸ್ತೆಗೇ ಹೋಗುತ್ತಿತ್ತು ಎನ್ನುವವರೂ ಇದ್ದಾರೆ. ಅನುಭವದಿಂದ ನೀವು ಯಾವ ಕಡೆ?

ಮರುಪ್ರಶ್ನೆ: ನೀರಿಗೆ ಅಂತಲೇ ಅಷ್ಟು ದುಡ್ಡು ಬಂದರೂ ಒಂದು ಮೋಟಾರ್ ರಿಪೇರಿಗೆ ಹನ್ನೊಂದು ದಿನ ಹಿಡಿಯುತ್ತದೆ ಅಂದರೆ ತಡೆ ಎಲ್ಲಿ? ಕ್ರಿಯಾ ಯೋಜನೆಯಲ್ಲೋ, ಎಸ್ಟಿಮೇಟಿನಲ್ಲೋ, ಬಿಲ್ ಪಾಸ್ ಆಗುವ ಹಂತದಲ್ಲೋ? ಅಧ್ಯಕ್ಷರು, ಪಿಡಿಒ ಇಬ್ಬರ ಡಿಜಿಟಲ್ ಸಹಿಯ ಡೋಂಗಲ್ ಇಲ್ಲದೆ ರೂಪಾಯಿ ಕದಲುವುದಿಲ್ಲ. ಇಬ್ಬರಿಗೂ ಮಾತುಕತೆ ನಿಂತಿದ್ದರೆ ಊರು ಏನು ಮಾಡಬೇಕು?

4. ಮನೆ ಕಂದಾಯ. ಇದನ್ನು ಸಭೆಯಲ್ಲಿರುವ ನಮ್ಮೆಲ್ಲರಿಗೂ ಸೇರಿಸಿ ಕೇಳುತ್ತಿದ್ದೇನೆ. ಮನೆ, ಸೈಟಿನ ದಾಖಲೆಗೆ ಇ-ಸ್ವತ್ತಿನ ಫಾರಂ 9, 11 ಬೇಕಾದಾಗ ಓಡಿಹೋಗಿ ಬಾಕಿ ಕಟ್ಟುತ್ತೇವೆ. ಇಲ್ಲದಿದ್ದರೆ ಬಿಲ್ ಕಲೆಕ್ಟರ್ ಬಂದರೆ 'ಮುಂದಿನ ವಾರ ಬಾರಪ್ಪ' ಅನ್ನುತ್ತೇವೆ. ನಾವು ಕಟ್ಟಿದ ದುಡ್ಡಲ್ಲದಿದ್ದರೆ ಅದರ ಲೆಕ್ಕ ಕೇಳಲು ಬಾಯಿ ಬರುವುದಿಲ್ಲ ಎಂದು ನನಗೆ ಅನಿಸುತ್ತದೆ. ಕಂದಾಯ ಚೆನ್ನಾಗಿ ವಸೂಲಾಗುವ ಊರುಗಳಲ್ಲಿ ಜನ ಜಾಸ್ತಿ ಪ್ರಶ್ನೆ ಕೇಳುವುದನ್ನು ನೀವು ಕಂಡಿದ್ದೀರಾ? ಅಥವಾ ಲೆಕ್ಕ ಸರಿಯಾಗಿ ಹೇಳಿದ ಊರಿನಲ್ಲಿ ಜನ ತಾವಾಗೇ ಕಟ್ಟುತ್ತಾರಾ? ಯಾವುದು ಮೊದಲು?

5. ಚಿಕ್ಕ ಪ್ರಶ್ನೆ. ಸ್ವಂತ ಆದಾಯದಲ್ಲಿ ಶೇ. 5ರಷ್ಟನ್ನು ಅಂಗವಿಕಲರಿಗೆ ಇಡಬೇಕು. ಅದು ವರ್ಷದ ಕೊನೆಯ ತಿಂಗಳಲ್ಲಿ ಅವಸರವಾಗಿ ಖರ್ಚಾಗುವುದೇ ಜಾಸ್ತಿ. ಏನು ಬೇಕು ಅಂತ ಅವರನ್ನೇ ಕೂರಿಸಿ ಕೇಳಿದ ಪಂಚಾಯಿತಿ ನೀವು ನೋಡಿದ್ದೀರಾ?

ಸಭೆ ನಡೆಯಿತು ಅನ್ನುವುದು ಹೇಗೆ?

6. ಕಾಯ್ದೆ ಪ್ರಕಾರ ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆ. ಗ್ರಾಮ ಸಭೆಯ ಕೋರಂಗೆ ಮತದಾರರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಇರಬೇಕು. ರಾಗಿ ಕೊಯ್ಲಿನ ದಿನ, ಬೆಳಿಗ್ಗೆ 11 ಗಂಟೆಗೆ ಸಭೆ ಕರೆದರೆ ಯಾರು ಬರುತ್ತಾರೆ? ನಮ್ಮ ವಿದ್ಯಾರ್ಥಿನಿಯೊಬ್ಬಳು ಹೇಳಿದಳು: ಹಾಜರಾತಿ ಪುಸ್ತಕ ಸಂಜೆ ಅವರ ಮನೆ ಜಗಲಿಗೆ ಬಂತಂತೆ. ಅಜ್ಜಿ ಹೆಬ್ಬೆಟ್ಟು ಒತ್ತಿದರಂತೆ. ಯಾವುದಕ್ಕೆ ಅಂತ ಅಜ್ಜಿಗೆ ಗೊತ್ತಿಲ್ಲ. 'ಪಿಂಚಣಿಗಿರಬೇಕು' ಅಂದುಕೊಂಡರಂತೆ.

ಆ ಹೆಬ್ಬೆಟ್ಟು ಕಾಗದದ ಮೇಲೆ ಊರಿನ ಒಪ್ಪಿಗೆ ಆಗಿಬಿಡುತ್ತದೆ, ಅಲ್ವಾ ಮೇಡಂ? ಸಹಾಯಕ ನಿರ್ದೇಶಕರಾಗಿ ಇಂಥ ನಡಾವಳಿಗಳನ್ನು ನೀವು ಪರಿಶೀಲಿಸಿದ್ದೀರಿ. ಸಭೆ ನಿಜವಾಗಿ ನಡೆದಿದೆಯೋ ಇಲ್ಲವೋ ಅಂತ ಪುಸ್ತಕ ನೋಡಿದ ಕೂಡಲೇ ತಿಳಿಯುವ ಗುರುತು ಏನಾದರೂ ಇತ್ತಾ? ಗೊತ್ತಾದ ಮೇಲೆ ನಿಮ್ಮ ಕೈಯಲ್ಲಿ ಏನು ಮಾಡಲು ಸಾಧ್ಯವಾಯಿತು, ಏನು ಆಗಲಿಲ್ಲ?

7. ಅಧ್ಯಕ್ಷ ಸ್ಥಾನ, ಸದಸ್ಯ ಸ್ಥಾನ ಎರಡರಲ್ಲೂ ಅರ್ಧ ಹೆಣ್ಣುಮಕ್ಕಳಿಗೆ. ಕೆಲವು ಕಡೆ ಕುರ್ಚಿ ಹೆಂಡತಿಯದು, ಮಾತು ಗಂಡನದು. ಇದು ಎಲ್ಲರಿಗೂ ಗೊತ್ತಿರುವ ಮಾತು, ಇಲ್ಲೇ ಬಿಟ್ಟುಬಿಡೋಣ. ನನಗೆ ಬೇಕಾಗಿರುವುದು ಬೇರೆ. ಮೊದಲ ವರ್ಷ ಬಾಯಿ ಬಿಡದೆ ಕೂತಿದ್ದು, ಆಮೇಲೆ ಕಾಮಗಾರಿಯ ಅಳತೆ ಬರೆದಿಡುವ ಎಂಬಿ ಪುಸ್ತಕ ತರಿಸಿ ಅಳತೆ ಕೇಳುವ ಮಟ್ಟಕ್ಕೆ ಬಂದ ಅಧ್ಯಕ್ಷೆಯರನ್ನು ನೀವು ಕಂಡಿದ್ದರೆ, ಅವರಲ್ಲಿ ಆ ಬದಲಾವಣೆ ತಂದಿದ್ದು ಏನು? ತರಬೇತಿಯಾ, ಜೊತೆಗಿದ್ದ ಸದಸ್ಯೆಯರಾ, ಅಥವಾ ಯಾವುದೋ ಒಂದು ಜಗಳವಾ?

ಲೆಕ್ಕ ಯಾರಿಗೆ?

8. ಕಚೇರಿ ಎದುರಿನ ನೋಟಿಸ್ ಬೋರ್ಡ್ ಬಗ್ಗೆ. ಕೇಳಲು ಸಣ್ಣದು ಅನಿಸಬಹುದು. ಹೋದ ತಿಂಗಳು ಆರು ವಿದ್ಯಾರ್ಥಿಗಳಿಗೆ ಅವರವರ ಊರಿನ ಬೋರ್ಡ್ ನೋಡಿ ಬರಲು ಹೇಳಿದ್ದೆ. ಒಂದರಲ್ಲಿ ಜಾಲರಿಯ ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು. ಒಳಗಿನ ಹಾಳೆ ಬಿಸಿಲಿಗೆ ಬಿಳಿಚಿ ಅಕ್ಷರವೇ ಹೋಗಿತ್ತು. ಇನ್ನೊಂದರಲ್ಲಿ ಕ್ರಿಕೆಟ್ ಟೂರ್ನಿಯ ಪೋಸ್ಟರ್. ಒಂದರಲ್ಲಿ ಮಾತ್ರ ಆ ವರ್ಷದ ಕಾಮಗಾರಿ ಪಟ್ಟಿ, ಮೊತ್ತ, ಗುತ್ತಿಗೆದಾರರ ಹೆಸರು ನೀಟಾಗಿ ಇತ್ತು. ಅಲ್ಲಿ ಯಾರೋ ಪೆನ್ಸಿಲಿನಲ್ಲಿ ಎರಡು ಕಾಮಗಾರಿಗಳ ಮುಂದೆ ಪ್ರಶ್ನೆ ಚಿಹ್ನೆ ಹಾಕಿದ್ದರು. ಅದನ್ನು ಕೇಳಿ ನನಗೆ ತುಂಬಾ ಖುಷಿಯಾಯಿತು.

ಈಗ ಲೆಕ್ಕವೆಲ್ಲ ಪಂಚತಂತ್ರ ತಂತ್ರಾಂಶದಲ್ಲಿ, ಇ-ಗ್ರಾಮ್ ಸ್ವರಾಜ್‌ನಲ್ಲಿ ಇದೆ. ಬೆಂಗಳೂರಿನವರಿಗೆ, ದೆಹಲಿಯವರಿಗೆ ಕಾಣುತ್ತದೆ. ಅರಳಿಕಟ್ಟೆಯಲ್ಲಿ ಕೂತವರಿಗೆ ಕಾಣುವುದಿಲ್ಲ. ಮೇಲಿನವರಿಗೆ ವರದಿ ಕಳಿಸದಿದ್ದರೆ ನೋಟಿಸ್ ಬರುತ್ತದೆ. ಊರಿಗೆ ಹೇಳದಿದ್ದರೆ ಏನಾಗುತ್ತದೆ? ನಿಮ್ಮ ಸೇವೆಯಲ್ಲಿ, ಜನರಿಗೆ ಲೆಕ್ಕ ಹೇಳಲಿಲ್ಲ ಎನ್ನುವ ಒಂದೇ ಕಾರಣಕ್ಕೆ ಯಾರ ಮೇಲಾದರೂ ಕ್ರಮ ಆಗಿದ್ದು ಉಂಟಾ?

9. ಜಮಾಬಂದಿ. ಹೋದ ವರ್ಷದ ಜಮಾ ಖರ್ಚು, ಕಾಮಗಾರಿ ಎಲ್ಲವನ್ನೂ ತಾಲ್ಲೂಕಿನಿಂದ ಬಂದ ತಂಡ ಜನರ ಎದುರಿನಲ್ಲೇ ತಪಾಸಣೆ ಮಾಡಬೇಕು. ಇಷ್ಟು ಒಳ್ಳೆಯ ಏರ್ಪಾಡು ನಮ್ಮಲ್ಲಿದೆ ಅಂತಲೇ ಮುಕ್ಕಾಲು ಜನಕ್ಕೆ ಗೊತ್ತಿಲ್ಲ. ನೀವು ಇಂಥ ತಂಡದಲ್ಲಿ ಹೋದಾಗ ದಿನ ಹೇಗೆ ಸಾಗುತ್ತಿತ್ತು, ಬೆಳಿಗ್ಗೆಯಿಂದ ಹೇಳಿ. ಓಚರ್ ನೋಡುವುದಕ್ಕೆ ಎಷ್ಟು ಹೊತ್ತು, ಕಾಮಗಾರಿ ಸ್ಥಳಕ್ಕೆ ಹೋಗುವುದಕ್ಕೆ ಎಷ್ಟು ಹೊತ್ತು, ಊಟಕ್ಕೆ ಎಷ್ಟು ಹೊತ್ತು? ಒಬ್ಬ ಸಾಮಾನ್ಯ ರೈತ ಅವತ್ತು ಬಂದು ನಿಂತರೆ ಯಾವ ಕಾಗದ ಕೇಳಬೇಕು?

10. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಆದರೆ ಪುಟ್ಟ ಊರು ಮೇಡಂ. ಅರ್ಜಿ ಹಾಕಿದವನ ಹೆಸರು ಸಂಜೆಯೊಳಗೆ ಟೀ ಅಂಗಡಿಗೆ ಮುಟ್ಟಿರುತ್ತದೆ. ಮಾರನೇ ದಿನ 'ಯಾಕಪ್ಪಾ, ನಿನ್ ಖಾತೆ ಕೆಲಸ ಇನ್ನೂ ಬಾಕಿ ಐತಲ್ವಾ?' ಅಂತ ಯಾರೋ ವಿಚಾರಿಸುತ್ತಾರೆ. ಹಾಗೆ ಹೆದರುವವರಿಗೆ ನೀವು ಏನು ಹೇಳುತ್ತೀರಿ? ಒಬ್ಬರೇ ಕೇಳುವ ಬದಲು ಹತ್ತು ಜನ ಸೇರಿ ಗ್ರಾಮ ಸಭೆಯಲ್ಲಿ ಕೇಳಿದರೆ ವ್ಯತ್ಯಾಸ ಆಗುತ್ತದಾ?

ನಿಮ್ಮ ಕಡೆಯ ಮಾತು

11. ಇದನ್ನು ನೀವು ಮನಸ್ಸು ಬಿಚ್ಚಿ ಹೇಳಲೇಬೇಕು. ಒಬ್ಬರೇ ಪಿಡಿಒಗೆ ಎರಡು ಪಂಚಾಯಿತಿಯ ಹೊಣೆ, ವಾರದಲ್ಲಿ ಮೂರು ದಿನ ತಾಲ್ಲೂಕಿನಲ್ಲಿ ಮೀಟಿಂಗು, ಉಳಿದ ಹೊತ್ತಿನಲ್ಲಿ ವಾಟ್ಸಾಪ್‌ಗೆ ಫೋಟೊ ಕಳಿಸುವ ಕೆಲಸ. ಬೆಳಿಗ್ಗೆ ಸದಸ್ಯರ ಕರೆ, ಮಧ್ಯಾಹ್ನ ಶಾಸಕರ ಕಡೆಯವರ ಕರೆ. ನಿಯಮ ಹಿಡಿದರೆ ವರ್ಗ, ಬಿಟ್ಟರೆ ಆಡಿಟ್ ಆಕ್ಷೇಪಣೆ. ನಾವು ಜನ ಕಚೇರಿಗೆ ಬಂದು ಕೂಗಾಡುವುದು ಸುಲಭ. ಕೂಗಾಡದೆ, ನಿಮಗೆ ನಿಜವಾಗಿ ಆಸರೆ ಆಗುವ ಹಾಗೆ ಊರಿನವರು ಏನು ಮಾಡಬಹುದಿತ್ತು? ಅಂಥ ಊರು ಯಾವುದಾದರೂ ಸಿಕ್ಕಿತ್ತಾ?

12. ನಮ್ಮ ಕೊನೇ ವರ್ಷದ ವಿದ್ಯಾರ್ಥಿಗಳಲ್ಲಿ ಹಲವರು ಪಿಡಿಒ ಪರೀಕ್ಷೆಗೆ ಓದುತ್ತಿದ್ದಾರೆ. ಕೆಲಸಕ್ಕೆ ಸೇರಿದ ಮೊದಲ ಸೋಮವಾರ ಅವರು ಯಾವ ರಿಜಿಸ್ಟರ್ ತೆಗೆದು ನೋಡಬೇಕು, ಯಾರ ಮನೆಗೆ ಹೋಗಿ ಮಾತಾಡಿಸಬೇಕು?

ಸಭಿಕರ ಚೀಟಿಗಳು

ಸಂಘದವರಿಂದ, ವಿದ್ಯಾರ್ಥಿಗಳಿಂದ ಮೊದಲೇ ಚೀಟಿ ಬರೆಸಿದ್ದೇವೆ. ಬಂದಿದ್ದರಲ್ಲಿ ಮೂರನ್ನು ಅವರ ಮಾತಿನಲ್ಲೇ ಓದುತ್ತೇನೆ. ಬೇರೆಯವು ಇದ್ದರೆ ಮೈಕ್ ಕೊಡುತ್ತೇವೆ.

'ನಮ್ಮ ಬೀದಿ ಲೈಟು ಹಗಲೂ ಉರೀತದೆ. ಆ ಕರೆಂಟ್ ಬಿಲ್ ಯಾರ ದುಡ್ಡು?'

'ಮಕ್ಕಳ ಗ್ರಾಮ ಸಭೆಯಲ್ಲಿ ಶಾಲೆಗೆ ಶೌಚಾಲಯದ ನೀರು ಕೇಳಿದ್ದೆ. ಆಗ ಏಳನೇ ಕ್ಲಾಸು. ಈಗ ಡಿಗ್ರಿ. ನಾನು ಕೇಳಿದ್ದನ್ನು ಬರೆದುಕೊಂಡ ಪುಸ್ತಕ ಈಗಲೂ ಇರುತ್ತಾ? ನೋಡಬಹುದಾ?'

'ಸಭೆ ಐತೆ ಅಂತ ತಮಟೆ ಹೊಡಿಸೋದು ನಮ್ಮ ಕೇರಿ ತಂಕ ಬರಲ್ಲ ಮೇಡಂ. ದೊಡ್ಡ ಬೀದೀಲೇ ನಿಂತೋಗ್ತದೆ. ನಾವು ಯಾರಿಗೆ ಹೇಳಬೇಕು?'

ಈ ಮೂರನೇ ಚೀಟಿ ಬರೆಸಿದ ಅಕ್ಕ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. ಸಮಯ ಕಡಿಮೆ ಬಿದ್ದರೆ 5, 7ನೇ ಪ್ರಶ್ನೆ ಬಿಡುತ್ತೇನೆ. ಅವರದನ್ನು ಬಿಡುವುದಿಲ್ಲ.