ಪುಟ್ಟೀ, ಇದನ್ನ ಫೋನಲ್ಲಿ ಹೇಳೋಕೆ ಆಗ್ಲಿಲ್ಲ

ಪುಟ್ಟೀ,

ಊಟ ಆಯ್ತಾ? ಈ ವಿಷಯ ನಿಂಗೆ ಫೋನಲ್ಲಿ ಹೇಳೋಣ ಅಂತ ಎರಡು ಸಲ ಕಾಲ್ ಮಾಡ್ದೆ, ನಿನ್ನ ದನಿ ಕೇಳಿದ ಮೇಲೆ ಬಾಯೇ ಬರ್ಲಿಲ್ಲ. ನನ್ನ ರಿಟೈರ್ಮೆಂಟ್ ದುಡ್ಡಲ್ಲಿ 4 ಲಕ್ಷ 40 ಸಾವಿರ ಹೋಯ್ತು ಕಣಮ್ಮ.

ಜೂನ್ 3ಕ್ಕೆ ಎಕ್ಸಿಟ್ ಪೋಲ್ ನೋಡಿ ನಿಫ್ಟಿ 23,263ಕ್ಕೆ ಹೋಗಿತ್ತಲ್ಲ, ಇನ್ನು 22,500ರ ಕೆಳಗೆ ಎಲ್ಲಿ ಬರುತ್ತೆ ಅಂತ ಆ ಮಟ್ಟದ ಪುಟ್ ಆಪ್ಷನ್ನ, ಅಂದ್ರೆ ನಿಫ್ಟಿ ಅದಕ್ಕಿಂತ ಕೆಳಗೆ ಇಳಿದಷ್ಟೂ ನಾನು ದುಡ್ಡು ಕಟ್ಟಿಕೊಡ್ಬೇಕಾದ ಕರಾರನ್ನ, 120 ರೂಪಾಯಿಗೆ 20 ಲಾಟ್ ಮಾರಿದೆ, ಅಂದ್ರೆ 500 ಕ್ವಾಂಟಿಟಿ, ಕೈಗೆ ಬರೋದು ಬರೀ 60 ಸಾವಿರ. ಇನ್ನೂ ಕೆಳಗಿನ ಮಟ್ಟದ್ದು ಇನ್ನೊಂದು ಪುಟ್ ತಗೊಂಡಿದ್ರೆ ನಷ್ಟಕ್ಕೆ ಒಂದು ಮಿತಿ ಇರ್ತಿತ್ತು, ಅದಕ್ಕೆ ಕೊಡೋ ಸ್ವಲ್ಪ ದುಡ್ಡು ಉಳಿಸೋಕೆ ಹೋದೆ.

ಮಾರನೇ ದಿನ ರಿಸಲ್ಟ್. ಎಣಿಕೆ ಮುಂದುವರಿದ ಹಾಗೆ ಮಾರ್ಕೆಟ್ ಕುಸಿತಾನೇ ಹೋಯ್ತು, 21,281ರವರೆಗೂ ಇಳೀತು. ಮಾರ್ಜಿನ್ ಸಾಲ್ದು ಅಂತ ಮೆಸೇಜ್ ಮೇಲೆ ಮೆಸೇಜ್, ನಿಮ್ಮಮ್ಮ ತಂದಿಟ್ಟ ಕಾಫಿ ಕೆನೆ ಕಟ್ಟಿ ತಣ್ಣಗಾಗಿತ್ತು, ನನ್ನ ಕೈ ನಡುಗ್ತಾ ಇತ್ತು. ಕೊನೆಗೆ ತಲಾ 1,000 ರೂಪಾಯಿಗೆ ನಾನೇ ವಾಪಸ್ ಕೊಂಡು ಮುಗಿಸ್ದೆ. ಸಂಜೆ 21,884ಕ್ಕೆ ಕ್ಲೋಸ್ ಆಯ್ತು, ಕಾದಿದ್ರೆ ಅಂತ ಈಗ್ಲೂ ಅನ್ಸುತ್ತೆ, ಆದ್ರೆ ಕಾಯೋಕೆ ಅಕೌಂಟಲ್ಲಿ ದುಡ್ಡೆಲ್ಲಿತ್ತು.

ಅಮ್ಮಂಗೆ ನಿನ್ನೆ ರಾತ್ರಿ ಹೇಳ್ದೆ. ಬೈಲಿಲ್ಲ, ಅದೇ ಹೆಚ್ಚು ಸಂಕಟ. ನಿನ್ನ ಮದುವೆಗೆ ಅಂತ ಇಟ್ಟ ಎಫ್‌ಡಿ ಮುಟ್ಟಿಲ್ಲ, ಆಣೆ. ಎಫ್ ಅಂಡ್ ಓ ಕ್ಲೋಸ್ ಮಾಡ್ಸಿದೀನಿ. ಭಾನುವಾರ ಬಾರಮ್ಮ, ಸ್ಟೇಟ್‌ಮೆಂಟ್ ಎಲ್ಲಾ ತೆಗೆದಿಟ್ಟಿದೀನಿ, ನೀನೇ ನೋಡು.

ನಿನ್ನ ಅಪ್ಪ