ಮನೆಯಲ್ಲೇ ಮಾಡುವ ತೋಳು, ಭುಜ, ದಮ್ಮಿನ ವ್ಯಾಯಾಮ: 8 ವಾರದ ಪಟ್ಟಿ

ಯಾರಿಗೆ: 36 ವರ್ಷ, ಬೆನ್ನುಹುರಿಗೆ ಟಿ10 ಮಟ್ಟದಲ್ಲಿ ಪೆಟ್ಟಾಗಿ 4 ವರ್ಷ. ಕೈಯಿಂದ ನೂಕುವ ವೀಲ್‌ಚೇರ್. ದಾವಣಗೆರೆಯಲ್ಲಿ ಜೆರಾಕ್ಸ್ ಅಂಗಡಿ, ದಿನಕ್ಕೆ 9 ಗಂಟೆ ಕುರ್ಚಿಯಲ್ಲೇ ಕೂತಿರುವ ಕೆಲಸ. ಬಲಭುಜದ ಮುಂದುಗಡೆ ಆಗಾಗ ನೋವು. ವೈದ್ಯರು ನೋಡಿ ವ್ಯಾಯಾಮಕ್ಕೆ ಒಪ್ಪಿದ್ದಾರೆ.

ಸಾಮಾನು: 2, 3, 5 ಕೆಜಿ ಡಂಬಲ್ ಒಂದೊಂದು ಜೊತೆ. ಹಗುರ, ಮಧ್ಯಮ, ಗಟ್ಟಿ ಮೂರು ರಬ್ಬರ್ ಬ್ಯಾಂಡ್. ಬಾಗಿಲಿಗೆ ಸಿಕ್ಕಿಸುವ ಪಟ್ಟಿ, ಎರಡು ಟವೆಲ್.

ಈ ಪಟ್ಟಿಯಲ್ಲಿ ನೂಕುವುದಕ್ಕಿಂತ ಎಳೆಯುವುದು ಎರಡು ಪಟ್ಟಿಗೂ ಹೆಚ್ಚು ಇದೆ. ಚಕ್ರ ನೂಕುವಾಗ, ಮಂಚಕ್ಕೆ ದಾಟುವಾಗ ಎದೆ ಮತ್ತು ಭುಜದ ಮುಂಭಾಗಕ್ಕೆ ದಿನವಿಡೀ ದುಡಿಮೆ ಬಿದ್ದೇ ಇರುತ್ತದೆ. ಬೆನ್ನಿನ ಕಡೆಯ ಸ್ನಾಯುಗಳು ಹಿಂದೆ ಬಿದ್ದು ಭುಜ ಮುಂದಕ್ಕೆ ಜೋತುಬೀಳುತ್ತದೆ. ಆಮೇಲೆ ತೋಳು ಎತ್ತಿದಾಗಲೆಲ್ಲ ಕೀಲಿನೊಳಗೆ ಉಜ್ಜುತ್ತದೆ. ಡಂಬಲ್ ಕೈಗೆ ಬಂದ ಕೂಡಲೇ ಎಲ್ಲರಿಗೂ ಎದೆ ಉಬ್ಬಿಸುವ ಆಸೆ. ಈ ಭುಜಕ್ಕೆ ಸದ್ಯ ಅದು ಬೇಡ.

ಶುರುವಿಗೆ ಮುಂಚೆ

ಮೂತ್ರದ ಚೀಲ ಖಾಲಿ ಮಾಡಿ, ನಳಿಕೆ ಮಡಚಿಕೊಂಡಿಲ್ಲ ಎಂದು ನೋಡಿ. ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಉರುಳಿಸಿ: ಮುಂದಿನ ಸಣ್ಣ ಚಕ್ರಗಳು ಮುಂಬದಿಗೆ ತಿರುಗಿ ನಿಲ್ಲುತ್ತವೆ, ಬುಡ ಉದ್ದವಾಗಿ ಮುಗ್ಗರಿಸುವ ಭಯ ಕಡಿಮೆ. ಆಮೇಲೆ ಎರಡೂ ಬ್ರೇಕ್. ಸೊಂಟದ ಬೆಲ್ಟ್ ಬಿಗಿಯಿರಲಿ. ಕೈಯಾಸರೆ ತೆಗೆಯಲು ಬರುವುದಾದರೆ ತೆಗೆದಿಡಿ.

ಡಂಬಲ್ ನೆಲದ ಮೇಲೆ ಬೇಡ, ಬಗ್ಗಿ ಎತ್ತಲು ಹೋದರೆ ಬೀಳುವ ಭಯ. ಮೊಣಕೈ ಎತ್ತರದ ಸ್ಟೂಲ್ ಮೇಲಿಡಿ. ತೊಡೆಯ ಮೇಲಂತೂ ಇಡಲೇಬೇಡಿ. ಸ್ಪರ್ಶ ತಿಳಿಯದ ಚರ್ಮ ಜಜ್ಜಿದರೂ ಗೊತ್ತಾಗದು. ಏಪ್ರಿಲ್‌ನಲ್ಲಿ ತಾರಸಿ ಬಿಸಿಲಿಗೆ ಕಾದ ಕಬ್ಬಿಣವಾದರೆ ಬೊಬ್ಬೆ ಎದ್ದದ್ದು ರಾತ್ರಿ ಬಟ್ಟೆ ಬದಲಿಸುವಾಗಲೇ ಕಾಣುವುದು.

ಬ್ಯಾಂಡನ್ನು ಬೆಳಕಿಗೆ ಹಿಡಿದು ಎಳೆದು ನೋಡಿ. ಬಿರುಕು, ಅಂಚಿನಲ್ಲಿ ಸೀಳು, ಅಂಟಂಟು ಇದ್ದರೆ ಎಸೆಯಿರಿ. ತುಂಡಾದರೆ ನೇರ ಮುಖಕ್ಕೇ ಬಡಿಯುತ್ತದೆ. ಕಿಟಕಿ ಸರಳಿಗೆ ಕಟ್ಟುವುದಾದರೆ ಮೊದಲು ಸರಳಿಗೆ ಟವೆಲ್ ಸುತ್ತಿ. ಬಾಗಿಲಿಗೆ ಸಿಕ್ಕಿಸುವುದಾದರೆ ನೀವು ಎಳೆದಷ್ಟೂ ಬಿಗಿಯಾಗಿ ಮುಚ್ಚಿಕೊಳ್ಳುವ ಬದಿಯಲ್ಲಿ ಕೂರಿ, ಚಿಲಕ ಹಾಕಿ, ಆಚೆ ಇರುವವರಿಗೆ ಹೇಳಿಟ್ಟಿರಿ.

ಮೈ ಬಿಸಿ ಮಾಡುವುದು, 6 ನಿಮಿಷ (ಪ್ರತಿ ಸಲವೂ)

ಹಾಲ್‌ನಲ್ಲೇ 3 ನಿಮಿಷ ನಿಧಾನ ಓಡಾಟ. ಭುಜವನ್ನು ಹಿಂದಕ್ಕೆ 10 ಸುತ್ತು. ತೋಳು ಮುಂದಿನಿಂದ ಭುಜದೆತ್ತರಕ್ಕೆ 10 ಸಲ. ಹಗುರ ಬ್ಯಾಂಡನ್ನು ಎದೆ ಮುಂದೆ ಹಿಡಿದು ಎರಡೂ ಕಡೆ ಅಗಲಿಸುವುದು 12 ಸಲ.

ಬಲದ ದಿನ: ಸೋಮವಾರ, ಗುರುವಾರ

ಮೊದಲ 2 ವಾರ ಎಲ್ಲವೂ 2 ಸೆಟ್ ಮಾತ್ರ. 3ನೇ ವಾರದಿಂದ ಕೆಳಗೆ ಬರೆದಷ್ಟು. ಸೆಟ್ ನಡುವೆ 60ರಿಂದ 90 ಸೆಕೆಂಡ್ ಬಿಡುವು.

1. ಎದೆ ಮಟ್ಟಕ್ಕೆ ಕಟ್ಟಿದ ಬ್ಯಾಂಡ್ ಎಳೆಯುವುದು. ಮಧ್ಯಮ ಬ್ಯಾಂಡ್, 3 ಸೆಟ್, 12 ಸಲ. ಇಡೀ ಪಟ್ಟಿಯ ಜೀವ ಇದೇ. ಮೊದಲು ಬೆನ್ನ ಮೇಲಿನ ಎರಡು ಹಲಗೆ ಎಲುಬುಗಳನ್ನು ಹತ್ತಿರ ತನ್ನಿ, ಆಮೇಲೆ ಮೊಣಕೈಯನ್ನು ಪಕ್ಕೆಗೆ ಸವರಿಕೊಂಡು ಹಿಂದಕ್ಕೆ. ಒಂದು ಕ್ಷಣ ನಿಲ್ಲಿಸಿ, ಬಿಡುವಾಗ 3 ಎಣಿಸಿ. ಬಾವಿಯಿಂದ ಕೊಡ ಸೇದುವಾಗ ಹಗ್ಗವನ್ನು ಒಮ್ಮೆಲೇ ಬಿಟ್ಟರೆ ಏನಾಗುತ್ತದೆ ಗೊತ್ತಲ್ಲ, ಹಾಗೆ ಬಿಡಬೇಡಿ. ಭುಜ ಕಿವಿಯತ್ತ ಏರುತ್ತಿದ್ದರೆ ಕುತ್ತಿಗೆ ಕೆಲಸ ಮಾಡುತ್ತಿದೆ ಎಂದರ್ಥ. ಬ್ಯಾಂಡ್ ಹಗುರ ಮಾಡಿ. ಕುರ್ಚಿ ಮುಂದಕ್ಕೆ ಜಾರುತ್ತಿದ್ದರೆ ದೊಡ್ಡ ಚಕ್ರದ ಮುಂದೆ ಇಟ್ಟಿಗೆ ಕೊಡಿ.

2. ಬಾಗಿಲ ಮೇಲಿನಿಂದ ಕೆಳಕ್ಕೆ ಎಳೆತ. ಮಧ್ಯಮ ಬ್ಯಾಂಡ್, 3 ಸೆಟ್, 12 ಸಲ. ಕೈ ನೀಡಿ, ಹಣೆ ಮಟ್ಟದಿಂದ ತೊಡೆಯ ಪಕ್ಕಕ್ಕೆ. ಮಂಚಕ್ಕೆ ದಾಟುವಾಗ ಮೈ ಎತ್ತುವುದು ಈ ಸ್ನಾಯುಗಳೇ.

3. ಭುಜ ಹೊರಕ್ಕೆ ತಿರುಗಿಸುವುದು. ಹಗುರ ಬ್ಯಾಂಡ್, ಒಂದೊಂದು ಕೈಗೆ 3 ಸೆಟ್, 15 ಸಲ. ಮೊಣಕೈ ಮಡಿಸಿ, ಪಕ್ಕೆಗೂ ಮೊಣಕೈಗೂ ನಡುವೆ ಟವೆಲ್ ಸುರುಳಿ ಸಿಕ್ಕಿಸಿ, ಮುಂಗೈ ಮಾತ್ರ ಹೊರಕ್ಕೆ. ಟವೆಲ್ ಬಿದ್ದರೆ ಆ ಸಲ ಲೆಕ್ಕಕ್ಕಿಲ್ಲ. ಮಣಿಕಟ್ಟು ಹಿಂದಕ್ಕೆ ಬಾಗದಿರಲಿ.

4. ಮುಂದಕ್ಕೆ ನೂಕುವುದು. ಮಧ್ಯಮ ಬ್ಯಾಂಡನ್ನು ಕುರ್ಚಿಯ ಬೆನ್ನಾಸರೆಯ ಹಿಂದಿನಿಂದ ತಂದು, 2 ಸೆಟ್, 10 ಸಲ. ಇಷ್ಟೇ ಸಾಕು.

5. ಓರೆಯಾಗಿ ತೋಳೆತ್ತುವುದು. 2 ಕೆಜಿ, 2 ಸೆಟ್, 10 ಸಲ. ನೇರ ಮುಂದಕ್ಕೂ ಅಲ್ಲ, ಪಕ್ಕಕ್ಕೂ ಅಲ್ಲ, ನಡುವೆ. ಹೆಬ್ಬೆರಳು ಮೇಲಕ್ಕೆ, ಭುಜದೆತ್ತರಕ್ಕೆ ನಿಲ್ಲಿಸಿ. ತಲೆಯ ಮೇಲೆ ಭಾರ ಎತ್ತುವುದು ಈ 8 ವಾರ ಇಲ್ಲ.

6. ಹೆಬ್ಬೆರಳು ಮೇಲೆ ಮಾಡಿ ಮೊಣಕೈ ಮಡಿಸುವುದು. 3 ಕೆಜಿ, 2 ಸೆಟ್, 12 ಸಲ. ಮೈ ತೂಗಾಡಿಸಬೇಡಿ.

20 ನಿಮಿಷಕ್ಕೊಮ್ಮೆ ಎಲ್ಲಾ ಬಿಟ್ಟು, ಎದೆಯನ್ನು ತೊಡೆಗೆ ತಾಗಿಸಿ 2 ನಿಮಿಷ ಮುಂದಕ್ಕೆ ಬಾಗಿ. ಕೂತಲ್ಲಿನ ಒತ್ತಡ ಇಳಿಯಬೇಕು. ಕೈಯೂರಿ ಮೈ ಎತ್ತುವುದಕ್ಕಿಂತ ಇದು ಭುಜಕ್ಕೂ ಹಿತ. ಕೊನೆಗೆ ಬಾಗಿಲ ಚೌಕಟ್ಟಿಗೆ ಮುಂಗೈ ಇಟ್ಟು ಎದೆ ಹಿಗ್ಗಿಸಿ, ಒಂದೊಂದು ಬದಿಗೆ 30 ಸೆಕೆಂಡ್, 3 ಸಲ.

ಭಾರ ಏರಿಸುವುದು ಯಾವಾಗ

ಎಲ್ಲಾ ಸೆಟ್ ಮುಗಿದ ಮೇಲೂ ಇನ್ನೆರಡು ಸಲ ಆರಾಮಾಗಿ ಮಾಡಬಲ್ಲೆ ಅನ್ನಿಸುವುದು ಸತತ ಎರಡು ದಿನ ಬಂದರೆ ಏರಿಸಿ. 3ರಿಂದ 5 ಕೆಜಿಗೆ ಹಾರುವುದು ದೊಡ್ಡ ನೆಗೆತ. ಮೊದಲು 3 ಕೆಜಿಯಲ್ಲೇ 15 ಸಲಕ್ಕೆ ಬನ್ನಿ, ಇಳಿಸುವಾಗ 4 ಎಣಿಸಿ, ಆಮೇಲೆ 5 ಕೆಜಿಯಲ್ಲಿ 8 ಸಲದಿಂದ ಶುರು. ಬ್ಯಾಂಡಾದರೆ ಕುರ್ಚಿಯನ್ನು ಅರ್ಧ ಅಡಿ ಹಿಂದೆ ಸರಿಸಿದರೂ ಗಟ್ಟಿಯಾಗುತ್ತದೆ.

ದಮ್ಮಿನ ದಿನ: ಬುಧವಾರ, ಶನಿವಾರ

ಒಟ್ಟು 20 ನಿಮಿಷ. 4 ನಿಮಿಷ ನಿಧಾನ. ಆಮೇಲೆ 30 ಸೆಕೆಂಡ್ ಜೋರು, 60 ಸೆಕೆಂಡ್ ಹಗುರ, ಹೀಗೆ 8 ಸುತ್ತು. ಕೊನೆಗೆ 4 ನಿಮಿಷ ನಿಧಾನ. ಜೋರು ಎಂದರೆ ಒಂದೆರಡು ಪದ ಹೇಳಬಹುದು, ಪೂರ್ತಿ ವಾಕ್ಯ ಬಾರದು. ಮೊದಲ ವಾರ 5 ಸುತ್ತಿಗೇ ನಿಲ್ಲಿಸಿದರೂ ಸರಿ.

ನೂಕುವ ರೀತಿ ಮುಖ್ಯ. ಚಕ್ರದ ಮೇಲ್ತುದಿಗಿಂತ ಸ್ವಲ್ಪ ಹಿಂದೆ ಹಿಡಿದು ಉದ್ದಕ್ಕೆ ನೂಕಿ, ಬಿಟ್ಟ ಕೈ ರಿಮ್‌ಗಿಂತ ಕೆಳಗೆ ಇಳಿದು ಅರ್ಧವರ್ತುಲವಾಗಿ ಹಿಂದಕ್ಕೆ ಬರಲಿ. ಚಿಕ್ಕ ಚಿಕ್ಕ ತಟ್ಟುಗಳಲ್ಲಿ ನೂಕಿದರೆ ಅದೇ ದೂರಕ್ಕೆ ಭುಜ ಹೆಚ್ಚು ಸಲ ದುಡಿಯಬೇಕು. ಟೈರಿನಲ್ಲಿ ಗಾಳಿ ಕಮ್ಮಿಯಿದ್ದರೆ ದಮ್ಮಿಗಿಂತ ಮೊದಲು ಭುಜ ಸೋಲುತ್ತದೆ.

ಬೆಳಗ್ಗೆ 6ರಿಂದ 7ರೊಳಗೆ, ಸಪಾಟಾದ ಜಾಗದಲ್ಲಿ, ವಾಹನ ಇಲ್ಲದ ಕಡೆ. ಬೇಸಿಗೆಯಲ್ಲಿ ಹೊರಗೆ ಬೇಡ. ಫ್ಯಾನ್ ಕೆಳಗೆ ಕೂತು ಗಾಳಿಗೆ ಗುದ್ದುವುದನ್ನು ಇದೇ ಲೆಕ್ಕದಲ್ಲಿ ಮಾಡಿ, ಬರಿಗೈಯಲ್ಲಿ. ಡಂಬಲ್ ಹಿಡಿದು ಗುದ್ದಿದರೆ ಮೊಣಕೈ ಕೀಲು ಹೋಗುತ್ತದೆ. ಬೆಣ್ಣೆ ದೋಸೆ ತಿಂದಿದ್ದರೆ ಎರಡು ಗಂಟೆ ಬಿಟ್ಟು.

ನಿಲ್ಲಿಸಬೇಕಾದ ಹೊತ್ತು

ಸ್ನಾಯು ಉರಿಯುವುದು, ಮಾರನೇ ದಿನ ಮೈಕೈ ಭಾರ ಇರುವುದು ಸಹಜ. ಭುಜದ ತುದಿಯಲ್ಲಿ ಚುಚ್ಚಿದಂತಾದರೆ ಆ ವ್ಯಾಯಾಮ ಅಲ್ಲಿಗೇ ಬಿಡಿ. ನೋವು 24 ಗಂಟೆ ದಾಟಿದರೆ ಮುಂದಿನ ಸಲ ಸೆಟ್ ಅರ್ಧ ಮಾಡಿ. ಆ ಕೈಮೇಲೆ ಮಲಗಲಾಗದಿದ್ದರೆ ಅಥವಾ ಬೆರಳು ಜೋಮು ಹಿಡಿಯುತ್ತಿದ್ದರೆ ಫಿಸಿಯೋಥೆರಪಿಸ್ಟ್ ನೋಡುವವರೆಗೆ ಪಟ್ಟಿ ಬಂದ್. ಎದೆ ಬಿಗಿತ, ತಲೆ ಸುತ್ತು ಬಂದರೆ ಕೂಡಲೇ ಆಸ್ಪತ್ರೆಗೆ.

ಈ ಹಾಳೆಯನ್ನು ಟಿ6 ಅಥವಾ ಅದಕ್ಕಿಂತ ಮೇಲೆ, ಅಂದರೆ ಕುತ್ತಿಗೆಯ ಕಡೆಗೆ, ಪೆಟ್ಟಾದ ಗೆಳೆಯರಿಗೆ ಹಾಗೇ ಕೊಡಬೇಡಿ. ಅವರಿಗೆ ಗಾಯದ ಕೆಳಗೆ ಸರಿಯಾಗಿ ಬೆವರುವುದಿಲ್ಲ, ಮೈ ಬೇಗ ಕಾಯುತ್ತದೆ. ತಲೆ ಸಿಡಿಯುವ ನೋವಿನ ಜೊತೆ ಮುಖ ಕೆಂಪಾದರೆ ರಕ್ತದೊತ್ತಡ ಅಪಾಯಕ್ಕೇರಿರಬಹುದು: ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೊದಲು ಮೂತ್ರದ ನಳಿಕೆ ನೋಡಿ. ಇಳಿಯದಿದ್ದರೆ ತಡ ಮಾಡದೆ 108ಕ್ಕೆ ಕರೆ ಮಾಡಿ.