ಬೇಕರಿ ಲೆಕ್ಕದಲ್ಲಿ ಮಾಡ್ಯೂಲ್, ಮಾಸ್ಟರ್ ಡೇಟಾ, ಟ್ರಾನ್ಸಾಕ್ಷನ್

ಒಂದು ಬೇಕರಿ ಇಡೀ ವ್ಯವಹಾರವನ್ನು ಒಂದೇ ಕಡೆ ನೋಡಿಕೊಳ್ಳುವ ಇಆರ್‌ಪಿ ಸಾಫ್ಟ್‌ವೇರ್ ಹಾಕಿಸಿಕೊಂಡಿದೆ ಎಂದಿಟ್ಟುಕೊಳ್ಳಿ. ಸಾಮಾನು ತರಿಸುವವರು, ಬ್ರೆಡ್ ಬೇಯಿಸುವವರು, ಮಾರುವವರು, ಲೆಕ್ಕ ಬರೆಯುವವರು ಬೇರೆ ಬೇರೆ. ಒಬ್ಬೊಬ್ಬರ ಕೆಲಸಕ್ಕೂ ಸಾಫ್ಟ್‌ವೇರಿನಲ್ಲಿ ಒಂದೊಂದು ಭಾಗವಿದೆ: ಖರೀದಿ, ಉತ್ಪಾದನೆ, ಮಾರಾಟ, ಹಣಕಾಸು. ಇವೇ ಮಾಡ್ಯೂಲ್‌ಗಳು. ನಾಲ್ಕು ಬೇರೆ ಸಾಫ್ಟ್‌ವೇರ್ ಅಂದುಕೊಳ್ಳಬೇಡಿ. ಡೇಟಾಬೇಸ್ ಒಂದೇ, ಮೈದಾದ ದಾಖಲೆಯೂ ಒಂದೇ. ಖರೀದಿಯವರು ಅದರಲ್ಲಿ ನೋಡುವುದು ಒಂದು ಪುಟ, ಲೆಕ್ಕದವರು ನೋಡುವುದು ಇನ್ನೊಂದು.

ಆ ಮೈದಾದ ದಾಖಲೆ ಮಾಸ್ಟರ್ ಡೇಟಾ. ಮೈದಾದ ಕೋಡ್, ಅಳತೆ ಕೆಜಿ, ಒಂದು ಮೂಟೆಗೆ 25 ಕೆಜಿ, ಇವನ್ನು ಒಮ್ಮೆ ತುಂಬಿಸಿದರೆ ಮತ್ತೆ ಮುಟ್ಟುವುದು ಅಪರೂಪ. ಸರಬರಾಜುದಾರರು, ಗ್ರಾಹಕರು, ದರಪಟ್ಟಿ ಕೂಡ ಇದೇ ಜಾತಿ. ಬ್ರೆಡ್ಡಿನ ಪಾಕಪಟ್ಟಿಯೂ ಅಷ್ಟೇ: 90 ಬ್ರೆಡ್ಡಿಗೆ ಮೈದಾ 25 ಕೆಜಿ, ನೀರು 15 ಲೀಟರ್, ಉಪ್ಪು 500 ಗ್ರಾಂ, ಯೀಸ್ಟ್ 500 ಗ್ರಾಂ.

ದಿನದ ವಹಿವಾಟು ಟ್ರಾನ್ಸಾಕ್ಷನ್. 10 ಮೂಟೆಗೆ ಆರ್ಡರ್ ಹಾಕಿದ್ದು, ಮಾಲು ಬಂದಿದ್ದು, 25 ಕೆಜಿ ಹಿಟ್ಟು ಕಲಸಲು ಹೋಗಿದ್ದು, ಬಿಲ್ ಆಗಿದ್ದು. ಪ್ರತಿಯೊಂದಕ್ಕೂ ತಾರೀಖು, ಪ್ರಮಾಣ, ದಾಖಲೆ ಸಂಖ್ಯೆ ಇರುತ್ತದೆ. ಆರ್ಡರ್ ಹಾಕಿದ ಮಾತ್ರಕ್ಕೆ ಸ್ಟಾಕ್ ಏರುವುದಿಲ್ಲ. ಮಾಲು ಬಂತೆಂದು ಪೋಸ್ಟ್ ಮಾಡಿದಾಗಲೇ, ಅಂದರೆ ಸಿಸ್ಟಮ್‌ನಲ್ಲಿ ದಾಖಲಿಸಿದಾಗಲೇ, ಏರುತ್ತದೆ. ಎಸ್‌ಎಪಿ ಎಂಬ ಇಆರ್‌ಪಿಯಲ್ಲಿ ಮೈದಾದ ದಾಖಲೆ ಸೃಷ್ಟಿಸಲು `MM01`, ಆರ್ಡರ್‌ಗೆ `ME21N`, ಮಾಲು ಬರಮಾಡಿಕೊಳ್ಳಲು `MIGO`. (ಅಲ್ಲಿ ಈ ಕೋಡ್‌ಗಳನ್ನೂ ಟ್ರಾನ್ಸಾಕ್ಷನ್ ಅಂತಲೇ ಕರೆಯುತ್ತಾರೆ, `MM01` ಮಾಡುವುದು ಮಾಸ್ಟರ್ ಕೆಲಸವಾದರೂ. ವೈವಾದಲ್ಲಿ ಎಡವುವ ಜಾಗ.)

ಹೊಸಬರನ್ನು ಹೆಚ್ಚು ಕಾಡುವುದು ಬೆಲೆ. ದರಪಟ್ಟಿಯ ಬೆಲೆ ಮಾಸ್ಟರ್. ಬಿಲ್ ಮಾಡುವಾಗ ಅದರ ನಕಲು ಬಿಲ್ಲಿಗೆ ಹೋಗಿ ಕೂರುತ್ತದೆ, ಅದು ಟ್ರಾನ್ಸಾಕ್ಷನ್‌ನ ಭಾಗ. ಹಾಗಾಗಿ ಇವತ್ತು ದರ ಏರಿಸಿದರೆ ನಿನ್ನೆಯ ಬಿಲ್ ಬದಲಾಗದು.

ಈಗ ಮಾಸ್ಟರ್‌ನಲ್ಲಿ ಮೂಟೆಗೆ 25 ಬದಲು 50 ಕೆಜಿ ಎಂದು ಬಿದ್ದಿದೆ ಅನ್ನಿ. 10 ಮೂಟೆ ಬಂದಾಗ ಗೋದಾಮಿನಲ್ಲಿ 250 ಕೆಜಿ, ಪರದೆಯಲ್ಲಿ 500. ಕೊಟ್ಟ ಹಣ ಸರಿಯಾಗಿಯೇ ಇದೆ, ಆದರೆ ಅದು 500 ಕೆಜಿಗೆ ಹಂಚಿಹೋಗಿ ಕೆಜಿ ಬೆಲೆ ಅರ್ಧವಾಗುತ್ತದೆ. ಬ್ರೆಡ್ಡಿನ ಖರ್ಚೂ ಕಡಿಮೆ ಕಾಣುತ್ತದೆ. ಹತ್ತು ಸಲ ಹಿಟ್ಟು ಕಲಸುವಷ್ಟರಲ್ಲಿ ಗೋದಾಮು ಖಾಲಿ, ಪರದೆಯಲ್ಲಿ ಇನ್ನೂ 250 ಕೆಜಿ. ಸ್ಟಾಕ್ ಇದೆ ಎಂದುಕೊಂಡ ಸಿಸ್ಟಮ್ ಹೊಸ ಆರ್ಡರ್ ಸೂಚಿಸುವುದೇ ಇಲ್ಲ. ಖರೀದಿಯಲ್ಲಿ ಹುಟ್ಟಿದ ತಪ್ಪು ಮೊದಲು ಕಣ್ಣಿಗೆ ಬೀಳುವುದು ಒಲೆಯ ಮುಂದೆ.

ಮಾಸ್ಟರ್ ತಿದ್ದಿದರಷ್ಟೇ ಸಾಲದು. ಆಗಲೇ ಪೋಸ್ಟ್ ಆದದ್ದು ತಾನಾಗಿ ಸರಿಹೋಗುವುದಿಲ್ಲ, ಅಳಿಸಲೂ ಬರುವುದಿಲ್ಲ. ಹಳೆಯದನ್ನು ರದ್ದು ಮಾಡುವ ವಿರುದ್ಧ ನಮೂದು, ಅಂದರೆ ರಿವರ್ಸಲ್, ಹಾಕಿ ಮತ್ತೆ ಪೋಸ್ಟ್ ಮಾಡಬೇಕು, ಇಲ್ಲವೇ ಗೋದಾಮು ಎಣಿಸಿ ವ್ಯತ್ಯಾಸವನ್ನು ಬೇರೆಯಾಗಿ ಪೋಸ್ಟ್ ಮಾಡಬೇಕು.